ಅಕ್ಕಿಯಲ್ಲಿ ಬರೆಯುವ ಹೆಸರು: ಒಂದು ಪತ್ರದ ಪ್ರಕರಣ

ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯ ಅನೇಕ ಬ್ರಾಹ್ಮಣ ಮನೆತನಗಳಲ್ಲಿ, ಕರಾವಳಿಯ ಸಾರಸ್ವತರಲ್ಲಿ, ಗಡಿಯಾಚೆ ಮಹಾರಾಷ್ಟ್ರದಲ್ಲಿ ಮದುವೆಯ ದಿನ ವಧುವಿಗೆ ಹೊಸ ಹೆಸರಿಡುವ ಪದ್ಧತಿ ಇನ್ನೂ ಉಳಿದಿದೆ. ವಧು ಸೇರಕ್ಕಿಯನ್ನು ಬಲಗಾಲಿನಿಂದ ಒದ್ದು ಗಂಡನ ಮನೆಯೊಳಗೆ ಬಂದ ಮೇಲೆ ಲಕ್ಷ್ಮೀಪೂಜೆಯಾಗುತ್ತದೆ. ತಾಟಿನಲ್ಲಿ ಅಕ್ಕಿ ಹರಡುತ್ತಾರೆ. ವರನು ಬಂಗಾರದ ಉಂಗುರದಿಂದ ಆ ಅಕ್ಕಿಯಲ್ಲಿ ಹೊಸ ಹೆಸರನ್ನು ಬರೆಯುತ್ತಾನೆ, ಹಿರಿಯರು ಅದನ್ನು ಓದಿ ಹೇಳುತ್ತಾರೆ, ನೆರೆದವರಿಗೆ ಸಕ್ಕರೆ ಹಂಚುತ್ತಾರೆ. ಹಳೆ ಮೈಸೂರಿನ ಓದುಗರಿಗೆ ಈ ಪದ್ಧತಿ ಅಷ್ಟಾಗಿ ಪರಿಚಯವಿರಲಾರದು. ಆದರೆ ನಮ್ಮ ಕಡೆ ನನ್ನ ವಯಸ್ಸಿನ ಬಹಳಷ್ಟು ಹೆಂಗಸರಿಗೆ ಎರಡು ಹೆಸರುಗಳಿವೆ, ಒಂದು ತವರುಮನೆಯದು, ಇನ್ನೊಂದು ಗಂಡನ ಮನೆಯದು. ನನಗೂ ಇವೆ.

ನನ್ನ ಅಕ್ಕನ ಮಗಳು ತನ್ನ ಹೆಸರನ್ನು ಹಾಗೆಯೇ ಉಳಿಸಿಕೊಡಬೇಕೆಂದು ಕೇಳಿ ಅತ್ತೆ-ಮಾವಂದಿರಿಗೆ ಒಂದು ಪತ್ರ ಬರೆದಳು. ಆ ಪತ್ರದ ಎರಡೂ ಕರಡುಗಳನ್ನು ನಾನು ಓದಿದ್ದೆ, ಎರಡನೆಯದನ್ನು ತಿದ್ದಿಯೂ ಇದ್ದೆ. ಅದು ಹೇಗೆ ಹುಟ್ಟಿತು, ಅದರಲ್ಲಿ ಏನು ಬಿಟ್ಟುಹೋಗಿತ್ತು, ಕೊನೆಗೆ ಏನಾಯಿತು ಎಂಬುದನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು ಇಲ್ಲಿ ದಾಖಲಿಸುತ್ತಿದ್ದೇನೆ. ಎಲ್ಲರ ಹೆಸರುಗಳನ್ನೂ ಬದಲಿಸಿದ್ದೇನೆ. ಆದರೆ ಸೊಸೆಯ ಹೆಸರಿಗೂ ಮಾವನ ಹೆಸರಿಗೂ ಇರುವ ಸಂಬಂಧವನ್ನು ಮಾತ್ರ ಇದ್ದಂತೆಯೇ ಇಟ್ಟಿದ್ದೇನೆ, ಏಕೆಂದರೆ ಪ್ರಕರಣದ ಗಂಟು ಇರುವುದೇ ಅಲ್ಲಿ.

ಮಾಧವಿಗೆ ಆಗ 27 ವರ್ಷ. ಹುಬ್ಬಳ್ಳಿಯ ಒಂದು ಔಷಧಿ ಅಂಗಡಿಯಲ್ಲಿ ನೋಂದಾಯಿತ ಫಾರ್ಮಸಿಸ್ಟ್ ಆಗಿದ್ದಳು. ಡಿಸೆಂಬರಿನಲ್ಲಿ ನಿಶ್ಚಯವಾಯಿತು, ಮೇ ತಿಂಗಳಿಗೆ ಮದುವೆ ಎಂದು ಗೊತ್ತಾಯಿತು. ನಿಶ್ಚಯದ ಊಟದ ಹೊತ್ತಿನಲ್ಲಿ ವರನ ತಾಯಿ ಬಹಳ ಪ್ರೀತಿಯಿಂದಲೇ, "ಹೆಸರ ರಮಾ ಅಂತ ಇಡಬೇಕಂತ ಮಾಡೇವಿ, ನಮ್ಮ ಹುಡುಗನ ಹೆಸರಿಗೆ ಛಲೋ ಹೊಂದತದ" ಎಂದರು. ಮಾಧವಿ ತಲೆತಗ್ಗಿಸಿ ಸುಮ್ಮನಿದ್ದಳು. ಆ ಮೌನವನ್ನು ಎಲ್ಲರೂ ಒಪ್ಪಿಗೆ ಎಂದು ತಿಳಿದರು, ನಾನೂ ಹಾಗೆಯೇ ತಿಳಿದೆ. ಒಂದು ವಾರದ ನಂತರ ಅವಳು ನನ್ನ ಮನೆಗೆ ಬಂದು, "ಮಾವಶಿ, ಯಾರರ ರಮಾ ಅಂತ ಕೂಗಿದರ ನಾ ಹೊಳ್ಳಿ ನೋಡೂದುಲ್ಲ" ಎಂದಳು. ಅವಳ ಕಾರಣ ಇಷ್ಟೇ ಆಗಿತ್ತು, ಅಷ್ಟು ಸಾಕೂ ಆಗಿತ್ತು.

ಪತ್ರವನ್ನೇ ಏಕೆ ಬರೆಯಬೇಕಾಯಿತು ಎಂಬುದನ್ನು ಹೇಳಬೇಕು. ವರನಿಗೆ ವಿಷಯ ತಿಳಿಸಿದಾಗ ಅವನು ಕೂಡಲೇ ಒಪ್ಪಿಕೊಂಡು, ಅವ್ವನಿಗೆ ತಾನೇ ಹೇಳುತ್ತೇನೆ ಎಂದ. ಮಾಧವಿ ಬೇಡವೆಂದಳು, ಅದು ಸರಿಯಾದ ನಿರ್ಧಾರವಾಗಿತ್ತೆಂದು ನಾನು ಈಗಲೂ ನಂಬುತ್ತೇನೆ. ಮಗನ ಬಾಯಿಂದ ಈ ಮಾತು ಬಂದರೆ, ಮನೆಗೆ ಇನ್ನೂ ಕಾಲಿಡದ ಸೊಸೆ ಆಗಲೇ ಮಗನನ್ನು ತನ್ನ ಕಡೆಗೆ ತಿರುಗಿಸಿಕೊಂಡಳು ಎಂದು ತಾಯಿಗೆ ಅನ್ನಿಸುವುದು ಸಹಜ. ಮಾಧವಿಯ ತಂದೆ ಹೋಗಿ ಕೇಳಿದರೆ ಅದು ಬೀಗರ ನಡುವಿನ ಷರತ್ತಾಗುತ್ತದೆ. ಫೋನಿನಲ್ಲಿ ಹೇಳಿದರೆ ಕೇಳಿದವರು ಆ ಕ್ಷಣದಲ್ಲೇ ಏನಾದರೂ ಉತ್ತರ ಕೊಡಲೇಬೇಕು, ಕೊಟ್ಟ ಉತ್ತರದಿಂದ ಹಿಂದೆ ಸರಿಯುವುದು ಹಿರಿಯರಿಗೆ ಕಷ್ಟ. ಪತ್ರವನ್ನಾದರೆ ಮಧ್ಯಾಹ್ನ ಒಬ್ಬರೇ ಕೂತು ಓದಬಹುದು, ಮಡಚಿಟ್ಟು ಎರಡು ದಿನ ಬಿಟ್ಟು ಮತ್ತೆ ಓದಬಹುದು.

ಮೊದಲ ಕರಡು ಎರಡೂವರೆ ಪುಟ ಇತ್ತು. ಅದರಲ್ಲಿದ್ದುದೆಲ್ಲ ನಿಜ, ಆದರೆ ಬಹುಪಾಲು ನಿರುಪಯೋಗಿ. ಮದುವೆಯಾದ ಹೆಣ್ಣು ಹೆಸರು ಬದಲಿಸಲೇಬೇಕೆಂದು ನಮ್ಮ ದೇಶದ ಯಾವ ಕಾನೂನೂ ಹೇಳುವುದಿಲ್ಲ ಎಂದು ಬರೆದಿದ್ದಳು. ಹೆಸರು ವ್ಯಕ್ತಿಯ ಗುರುತಿನ ಭಾಗ, ಅದು ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟು 2021ರಲ್ಲಿ ಒಂದು ಪರೀಕ್ಷಾ ಮಂಡಳಿಯ ಪ್ರಕರಣದಲ್ಲಿ ಹೇಳಿದ್ದನ್ನೂ ಸೇರಿಸಿದ್ದಳು. ನಾನು ಆ ಎರಡೂ ಪ್ಯಾರಾಗಳ ಮೇಲೆ ಗೆರೆ ಎಳೆದೆ. ಕಾನೂನು ಅವಳ ಪರವಾಗಿದ್ದುದು ದಿಟ. ಆದರೆ ಅಕ್ಕಿಯ ತಾಟು ಕಾನೂನಿನ ವಸ್ತುವಲ್ಲ. ಅಲ್ಲಿ ಬರೆದ ಹೆಸರಿಗೆ ಯಾವ ಕಚೇರಿಯಲ್ಲೂ ಬೆಲೆ ಇಲ್ಲ, ಆದ್ದರಿಂದ ಕೋರ್ಟಿನ ಮಾತಿನಿಂದ ಅದನ್ನು ತಡೆಯಲೂ ಆಗುವುದಿಲ್ಲ. ಅದನ್ನು ಬರೆಯಿಸುವವರು ಅತ್ತೆ, ಅವರ ಮನಸ್ಸು ಒಪ್ಪಬೇಕು. ಕಾಯಿದೆಯ ಸಂಖ್ಯೆ ಕಂಡ ಕೂಡಲೇ ಪತ್ರ ನೋಟೀಸಿನಂತೆ ಕಾಣುತ್ತದೆ.

ಮೊದಲ ಕರಡಿನ ಇನ್ನೊಂದು ದೋಷ ಇದಕ್ಕಿಂತ ದೊಡ್ಡದು. "ನನ್ನ ಹೆಸರು ಬದಲಿಸಬೇಡಿ" ಎಂದು ಅವಳು ಬರೆದಿದ್ದಳು, ಆದರೆ ಯಾವ ಹೆಸರು ಎಂದು ಬಿಡಿಸಿ ಹೇಳಿರಲಿಲ್ಲ. ನಮ್ಮ ಮನೆಗಳಲ್ಲಿ ಹೆಸರು ಎಂಬ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಅಕ್ಕಿಯಲ್ಲಿ ಬರೆದು ಓದುವ ಹೆಸರು ಒಂದು, ದಿನಬೆಳಗಾದರೆ ಮನೆಯಲ್ಲಿ ಕೂಗುವ ಹೆಸರು ಇನ್ನೊಂದು, ಕಾಗದಪತ್ರಗಳಲ್ಲಿರುವ ಹೆಸರು ಮತ್ತೊಂದು, ಕೊನೆಗೆ ಅಡ್ಡಹೆಸರು. ಸೊಸೆ ಒಂದನ್ನು ಕೇಳುತ್ತಾಳೆ, ಅತ್ತೆ ನಾಲ್ಕನ್ನೂ ನಿರಾಕರಿಸಿದಳೆಂದು ಕೇಳಿಸಿಕೊಳ್ಳುತ್ತಾರೆ. ಹೆಸರಿನ ಜಗಳಗಳಲ್ಲಿ ನಾನು ಕಂಡಿರುವ ಕಹಿಯ ಹೆಚ್ಚಿನ ಪಾಲು ಇಲ್ಲಿಂದಲೇ ಹುಟ್ಟಿದ್ದು.

ಕಾಗದಪತ್ರದ ಹೆಸರಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಪತ್ರದ ಅತ್ಯಂತ ಗಟ್ಟಿಯಾದ ಪ್ಯಾರಾ ನನ್ನ ಅಕ್ಕನ ಬದುಕಿನಿಂದ ಬಂದದ್ದು. ಅಕ್ಕನ ತವರಿನ ಹೆಸರು ಸುಧಾ. 1989ರಲ್ಲಿ ಮದುವೆಯಾದಾಗ ಇಂದಿರಾ ಎಂದು ಹೆಸರಿಟ್ಟರು. ಶಾಲೆಯ ದಾಖಲೆಗಳು ಸುಧಾ ಎಂಬ ಹೆಸರಿನಲ್ಲಿ ಉಳಿದವು. ಮುಂದೆ ಮಾಡಿಸಿದ ಪಡಿತರ ಚೀಟಿ, ಮತದಾರರ ಪಟ್ಟಿ, ಬ್ಯಾಂಕು, ಆಧಾರ್ ಎಲ್ಲವೂ ಇಂದಿರಾ ಆದವು. ಮೂವತ್ತು ವರ್ಷ ಇದರಿಂದ ಏನೂ ತೊಂದರೆಯಾಗಲಿಲ್ಲ. ನಮ್ಮ ತಂದೆ ತೀರಿಕೊಂಡ ಮೇಲೆ ಹೊಲದ ಫೌತಿ ವಾರಸಾ ಮಾಡಿಸಲು ಹೋದಾಗ ತೊಂದರೆ ಎದುರಿಗೆ ಬಂದು ನಿಂತಿತು. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಇರುವುದರಿಂದ ವಂಶವೃಕ್ಷದಲ್ಲಿ ನಮ್ಮೆಲ್ಲರ ಹೆಸರು ಬರಬೇಕಿತ್ತು. ತಮ್ಮನು ಅಕ್ಕನನ್ನು ತನಗೆ ಗೊತ್ತಿದ್ದಂತೆ ಸುಧಾ ಎಂದು ಬರೆಯಿಸಿದ. ಅಕ್ಕ ತಂದುಕೊಟ್ಟ ಆಧಾರ್ ಇಂದಿರಾಳದಾಗಿತ್ತು. ಸಂಬಂಧಪಟ್ಟ ಕಚೇರಿಯವರು ಇವರಿಬ್ಬರೂ ಒಬ್ಬರೇ ಎನ್ನುವುದಕ್ಕೆ ಏನು ಆಧಾರ ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಉತ್ತರ ಹುಡುಕುವುದರಲ್ಲಿ ನಾಲ್ಕು ತಿಂಗಳು ಕಳೆದವು. ಛಾಪಾ ಕಾಗದದ ಮೇಲೆ ಪ್ರಮಾಣಪತ್ರ, ಶಾಲೆ ಬಿಟ್ಟ ದಾಖಲೆ, ಟ್ರಂಕಿನ ತಳದಲ್ಲಿ ಪುಣ್ಯಕ್ಕೆ ಉಳಿದಿದ್ದ ಲಗ್ನಪತ್ರಿಕೆ, ಇಷ್ಟನ್ನೂ ಕೊಟ್ಟ ಮೇಲೆ "ಸುಧಾ ಉರ್ಫ್ ಇಂದಿರಾ ಕೋಂ" ಎಂದು ಮುಂದೆ ಗಂಡನ ಹೆಸರು ಸೇರಿಸಿ ದಾಖಲೆಯಾಯಿತು. ಹಳೆಯ ಖರೀದಿ ಪತ್ರಗಳಲ್ಲಿ ಹೆಂಗಸರ ಹೆಸರಿನ ನಡುವೆ ಬರುವ ಆ "ಉರ್ಫ್" ಎಂಬ ಶಬ್ದವನ್ನು ನಾನು ಅಲ್ಲಿಯವರೆಗೆ ಬರಿ ಬರವಣಿಗೆಯ ರೂಢಿ ಎಂದುಕೊಂಡಿದ್ದೆ.

ಇಂದಿನ ಹುಡುಗಿಯರಿಗೆ ಇದು ಇನ್ನೂ ಬೇಗ ಎದುರಾಗುತ್ತದೆ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ ಮಾತ್ರ ಬದಲಿಸಲು ಅವಕಾಶ. ಪ್ಯಾನ್‌ನ ಹೆಸರಿಗೂ ಆಧಾರ್‌ನ ಹೆಸರಿಗೂ ಹೊಂದಾಣಿಕೆಯಾಗದಿದ್ದರೆ ಜೋಡಣೆ ನಿಲ್ಲುತ್ತದೆ, ಭವಿಷ್ಯನಿಧಿಯ ಹಣ ತೆಗೆಯುವಾಗಲೂ ಅದೇ ತಕರಾರು ಬರುತ್ತದೆ. ಮದುವೆಯಾಯಿತೆಂಬ ಕಾರಣಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರು ಬದಲಾಗುವುದಿಲ್ಲ, ವಯಸ್ಸು-ಹೆಸರಿನ ಪ್ರಶ್ನೆ ಬಂದಾಗಲೆಲ್ಲ ಕೇಳುವುದು ಅದನ್ನೇ. ಪೂರ್ತಿ ಹೆಸರು ಬದಲಿಸಬೇಕೆಂದರೆ ಪ್ರಮಾಣಪತ್ರ, ಪತ್ರಿಕೆಗಳಲ್ಲಿ ಜಾಹೀರಾತು, ರಾಜ್ಯಪತ್ರದ ಪ್ರಕಟಣೆ ಎಂಬ ದಾರಿ ಇದೆ. ಇದನ್ನು ಪೂರ್ತಿ ಮಾಡುವವರು ವಿರಳ, ಅರ್ಧ ಮಾಡುವವರು ಹೆಚ್ಚು, ಸಂಕಟವಿರುವುದು ಈ ಅರ್ಧದಲ್ಲಿಯೇ. ಮಾಧವಿಯ ವಿಷಯದಲ್ಲಿ ಫಾರ್ಮಸಿಸ್ಟ್ ನೋಂದಣಿಯ ಪ್ರಮಾಣಪತ್ರವೂ ಇತ್ತು. ಅದನ್ನು ಅಂಗಡಿಯಲ್ಲಿ ಗಿರಾಕಿಗಳಿಗೆ ಕಾಣುವಂತೆ ಗೋಡೆಗೆ ತೂಗುಹಾಕಿದ್ದರು.

ಆದರೂ ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಕಾಗದಪತ್ರದ ತೊಂದರೆಯನ್ನೇ ಪತ್ರದ ಮುಖ್ಯ ಕಾರಣವಾಗಿ ಮುಂದಿಟ್ಟರೆ, "ಹಂಗಾದರ ಕಾಗದದಾಗ ಹಳೇ ಹೆಸರ ಇರಲಿ, ಮನಿಯಾಗ ರಮಾ ಅಂತ ಕರಿಯೋಣ" ಎಂಬ ಉತ್ತರ ಬಂದೇ ಬರುತ್ತದೆ, ಆಗ ಮರುಮಾತಿಗೆ ಜಾಗವಿರುವುದಿಲ್ಲ. ಅನೇಕ ಹುಡುಗಿಯರು ನಿಜವಾದ ಕಾರಣ ಹೇಳಲು ಸಂಕೋಚಪಟ್ಟು ಆಧಾರ್ ಕಾರ್ಡಿನ ಹಿಂದೆ ನಿಲ್ಲುತ್ತಾರೆ, ಕೊನೆಗೆ ಕಾರ್ಡು ಉಳಿದು ಹೆಸರು ಹೋಗುತ್ತದೆ. ಆದ್ದರಿಂದ ಎರಡನೆಯ ಕರಡಿನಲ್ಲಿ ನಿಜವಾದ ಕಾರಣ ಮೊದಲು ಬಂತು, ಅಕ್ಕನ ಅನುಭವ ಅದಕ್ಕೆ ಬೆಂಬಲವಾಗಿ ನಂತರ ಬಂತು.

ಫೆಬ್ರವರಿಯ ಮೊದಲ ವಾರ, ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಸುಮಾರು ಒಂದು ತಿಂಗಳು ಮೊದಲು ಕಳಿಸಿದ ಪತ್ರ ಹೀಗಿತ್ತು.

"ತೀರ್ಥಸ್ವರೂಪರಾದ ಮಾವನವರಿಗೂ ಮಾತೃಸ್ವರೂಪರಾದ ಅತ್ತೆಯವರಿಗೂ ಮಾಧವಿಯ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ತಮ್ಮೆಲ್ಲರ ಕ್ಷೇಮವನ್ನು ಬಯಸುತ್ತೇನೆ.

ನಿಶ್ಚಯದ ದಿನ ಅತ್ತೆಯವರು ನನಗೆ ರಮಾ ಎಂದು ಹೆಸರಿಡುವ ಮಾತು ಹೇಳಿದಾಗ ನಾನು ಸುಮ್ಮನಿದ್ದೆ. ಎಲ್ಲರೆದುರಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಆಗಲೇ ಹೇಳದೆ ಈಗ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಆ ಹೆಸರನ್ನು ತಾವು ಎಷ್ಟು ಪ್ರೀತಿಯಿಂದ ಆರಿಸಿದ್ದೀರಿ ಎಂಬುದು ನನಗೆ ತಿಳಿದಿದೆ, ಆ ಹೆಸರಿನ ಬಗ್ಗೆ ನನಗೆ ಯಾವ ಬೇಸರವೂ ಇಲ್ಲ.

ನನ್ನ ಬೇಡಿಕೆ ಒಂದೇ. ಮನೆ ತುಂಬಿಸಿಕೊಳ್ಳುವ ದಿನ ಅಕ್ಕಿಯಲ್ಲಿ ಮಾಧವಿ ಎಂದೇ ಬರೆಯಿಸಬೇಕು. ತಾಟು, ಅಕ್ಕಿ, ಉಂಗುರ, ಪೂಜೆ, ಸಕ್ಕರೆ ಹಂಚುವುದು ಎಲ್ಲವೂ ತಮ್ಮ ಮನೆತನದ ಪದ್ಧತಿಯಂತೆಯೇ ಆಗಲಿ. ಅದರಲ್ಲಿ ಒಂದನ್ನೂ ಬಿಡಬೇಕೆಂದು ನಾನು ಕೇಳುತ್ತಿಲ್ಲ. ಬರೆಯುವ ಅಕ್ಷರಗಳು ಮಾತ್ರ ನನ್ನ ಹೆಸರಿನವೇ ಆಗಿರಲಿ.

ಕಾರಣ ದೊಡ್ಡದೇನಲ್ಲ. ಇಪ್ಪತ್ತೇಳು ವರ್ಷ ಈ ಹೆಸರಿಗೆ ಓಗೊಟ್ಟಿದ್ದೇನೆ. ಬೇರೆ ಹೆಸರಿನಿಂದ ಕರೆದರೆ ಅದು ನನ್ನನ್ನೇ ಕರೆದದ್ದು ಎಂದು ನನ್ನ ಮನಸ್ಸಿಗೆ ಅನ್ನಿಸುವುದಿಲ್ಲ. ತಮ್ಮ ಮನೆಗೆ ನಾನು ನಾನಾಗಿಯೇ ಬರಬೇಕೆಂಬ ಆಸೆ ನನ್ನದು. ನಮ್ಮ ತಾಯಿಯವರಿಗೆ ಎರಡು ಹೆಸರುಗಳಿದ್ದ ಕಾರಣ ಅಜ್ಜನ ಹೊಲದ ವಾರಸಾ ಸಮಯದಲ್ಲಿ ನಾಲ್ಕು ತಿಂಗಳು ಅಲೆದದ್ದನ್ನೂ ನಾನು ಹತ್ತಿರದಿಂದ ನೋಡಿದ್ದೇನೆ.

ಅಡ್ಡಹೆಸರಿನ ವಿಷಯವನ್ನೂ ಈಗಲೇ ತಿಳಿಸುವುದು ಒಳ್ಳೆಯದೆಂದು ಬರೆಯುತ್ತಿದ್ದೇನೆ. ನನ್ನ ಅಂಕಪಟ್ಟಿ, ಆಧಾರ್ ಮತ್ತು ಕೆಲಸದ ನೋಂದಣಿ ಈಗಿರುವಂತೆಯೇ ಇರುತ್ತವೆ. ಮನೆಯ ಕಾರ್ಯಗಳಲ್ಲಿ, ಆಮಂತ್ರಣಗಳಲ್ಲಿ, ದೇವಸ್ಥಾನದ ಸೇವೆಗಳಲ್ಲಿ ನನ್ನ ಹೆಸರಿನ ಮುಂದೆ ತಮ್ಮ ಮನೆತನದ ಹೆಸರನ್ನು ಸಂತೋಷದಿಂದ ಸೇರಿಸಿಕೊಳ್ಳುತ್ತೇನೆ.

ಈ ವಿಷಯವನ್ನು ತಮ್ಮ ಮಗನಿಗೆ ತಿಳಿಸಿದ್ದೇನೆ. ತಮ್ಮ ಮುಂದೆ ನಾನೇ ಕೇಳಿಕೊಳ್ಳಬೇಕೆಂದು ಅವರಿಗೆ ಹೇಳಿ, ನಾನೇ ಬರೆಯುತ್ತಿದ್ದೇನೆ. ಇದರಲ್ಲಿ ತಮ್ಮ ಮನಸ್ಸಿಗೆ ನೋವಾಗುವ ಅಥವಾ ತಮ್ಮ ಮನೆಗೆ ಅಡಚಣೆಯಾಗುವ ಸಂಗತಿ ಏನಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಬೇಕು.

ಇತಿ ತಮ್ಮ ವಿಧೇಯಳಾದ, ಮಾಧವಿ."

ತಂದೆ-ತಾಯಿಗೆ ಬರೆಯುವಾಗ ತೀರ್ಥರೂಪ ಎಂದೂ, ತಂದೆ-ತಾಯಿಯ ಸಮಾನರಿಗೆ ತೀರ್ಥಸ್ವರೂಪ, ಮಾತೃಸ್ವರೂಪ ಎಂದೂ ಬರೆಯುವುದು ನಮ್ಮ ಹಿರಿಯರ ಕ್ರಮ. ಈಗ ಯಾರು ಗಮನಿಸುತ್ತಾರೆ ಎಂದು ಮಾಧವಿ ಕೇಳಿದ್ದಳು. ಇಂಥ ಪತ್ರದಲ್ಲಿ ಗಮನಿಸುತ್ತಾರೆ. ಒಂದು ಪದ್ಧತಿಯಲ್ಲಿ ಬದಲಾವಣೆ ಕೇಳುವವಳು ಉಳಿದ ಪದ್ಧತಿಗಳನ್ನು ಬಲ್ಲವಳು ಎಂಬುದು ಮೊದಲ ಸಾಲಿನಲ್ಲಿಯೇ ಗೊತ್ತಾಗಬೇಕು.

ಶಾಸ್ತ್ರದ ವಾದವನ್ನು ನಾವು ಬೇಕೆಂದೇ ಬಿಟ್ಟೆವು, ಆದರೆ ಕೇಳಿದರೆ ಉತ್ತರ ಸಿದ್ಧವಿರಲೆಂದು ನಮ್ಮ ಪುರೋಹಿತರನ್ನು ವಿಚಾರಿಸಿಟ್ಟುಕೊಂಡಿದ್ದೆವು. ಅವರು ಹೇಳಿದ್ದು ನೇರವಾಗಿತ್ತು. ನಾಮಕರಣ ಹುಟ್ಟಿದ ಮಗುವಿಗೆ ಮಾಡುವ ಪ್ರತ್ಯೇಕ ಸಂಸ್ಕಾರ. ವಿವಾಹದಲ್ಲಿ ಕನ್ಯಾದಾನದ ಸಂಕಲ್ಪ ನಡೆಯುವುದು ಮೂರು ತಲೆಮಾರಿನವರ ಹೆಸರುಗಳ ಜೊತೆಗೆ ವಧುವಿನ ತವರಿನ ಹೆಸರಿನಲ್ಲಿಯೇ. ಪಾಣಿಗ್ರಹಣ, ಲಾಜಾಹೋಮ, ಸಪ್ತಪದಿಗಳೆಲ್ಲ ಮುಗಿದ ಮೇಲೆ ಬರುವ ಅಕ್ಕಿಯ ಹೆಸರು ಮನೆತನದ ಆಚಾರ, ಅದಿಲ್ಲದಿದ್ದರೆ ಮದುವೆಗೆ ಯಾವ ಕೊರತೆಯೂ ಇಲ್ಲ. 1955ರ ಹಿಂದೂ ವಿವಾಹ ಕಾಯಿದೆಯ 7ನೇ ಕಲಮು ಕೂಡ, ಸಪ್ತಪದಿಯುಳ್ಳ ಮದುವೆಯು ಏಳನೆಯ ಹೆಜ್ಜೆಯಲ್ಲಿ ಪೂರ್ಣವಾಗುತ್ತದೆ ಎಂದೇ ಹೇಳುತ್ತದೆ. ಈ ಉತ್ತರವನ್ನು ಬಳಸುವ ಪ್ರಸಂಗವೇ ಬರಲಿಲ್ಲ. ನಾವು ತಯಾರಾಗಿದ್ದ ಆಕ್ಷೇಪಗಳಲ್ಲಿ ಒಂದೂ ಬರಲಿಲ್ಲ ಎಂಬುದು ಈ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಂಡ ಸಂಗತಿ.

ಮೂರನೆಯ ದಿನ ಮಾವನವರು ಫೋನು ಮಾಡಿ, ತಮ್ಮದೇನೂ ಅಭ್ಯಂತರವಿಲ್ಲ, ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದರು. ಅಲ್ಲಿಂದ ಒಂಬತ್ತು ದಿನ ಏನೂ ಸುದ್ದಿಯಿಲ್ಲ. ಅಕ್ಕ ಗಾಬರಿಯಾಗಿ, ಹೋಗಿ ಕ್ಷಮೆ ಕೇಳಿ ಬರೋಣ ಎಂದಳು. ನಾನು ಬೇಡವೆಂದೆ. ಹತ್ತನೆಯ ದಿನ ಅತ್ತೆಯವರೇ ಅಕ್ಕನಿಗೆ ಫೋನು ಮಾಡಿದರು. ಪತ್ರ ಓದಿ ಸಿಟ್ಟೇನೂ ಬಂದಿಲ್ಲ ಎಂದು ಮೊದಲೇ ಹೇಳಿ, ಸ್ವಲ್ಪ ತಡೆದು, "ಆದರ ನಮ್ಮ ಮನಿಯವರ ಹೆಸರು ನಿಮಗ ಗೊತ್ತದಲ್ರಿ? ದಿನಾ ಆ ಹೆಸರಿಲೇ ಆಕೀನ್ನ ನಾ ಹೆಂಗ ಕರೀಲಿ?" ಎಂದರು.

ಮಾವನವರ ಹೆಸರು ಮಾಧವರಾವ್. ನಿಶ್ಚಯದ ದಿನ ಎರಡೂ ಕಡೆಯವರ ಹೆಸರುಗಳನ್ನು ಗಟ್ಟಿಯಾಗಿ ಓದಿದ್ದರು, ನಾವೆಲ್ಲರೂ ಕೇಳಿದ್ದೆವು, ಒಬ್ಬರಿಗೂ ಹೊಳೆದಿರಲಿಲ್ಲ. ಅತ್ತೆಯವರು ಮೂವತ್ತೆರಡು ವರ್ಷಗಳಲ್ಲಿ ಗಂಡನ ಹೆಸರು ಹಿಡಿದು ಕರೆದವರಲ್ಲ, ಬೇರೆಯವರ ಮುಂದೆ ಹೇಳಿದವರೂ ಅಲ್ಲ. ನಮ್ಮ ಕಡೆ ಆ ತಲೆಮಾರಿನ ಹೆಂಗಸರು ಗಂಡನ ಹೆಸರು ಹೇಳುವುದು ಒಡಪಿನಲ್ಲಿ ಮಾತ್ರ. ಮದುವೆ, ಸೀಮಂತಗಳಲ್ಲಿ ಎಲ್ಲರೂ ಒತ್ತಾಯಿಸಿದಾಗ ಪ್ರಾಸ ಕೂಡಿಸಿ, ಕೊನೆಯ ಸಾಲಿನಲ್ಲಿ ಹೆಸರನ್ನು ಸೇರಿಸಿ, ನಾಚಿಕೊಂಡು ಹೇಳುತ್ತಾರೆ. ಸೊಸೆಯ ಹೆಸರು ಬದಲಾಗುತ್ತದೆ ಎಂಬ ನಂಬಿಕೆಯಲ್ಲಿ ಅವರು ಸಂಬಂಧ ಕೂಡಿಸುವಾಗ ಈ ಮಾತನ್ನು ಎತ್ತಿರಲಿಲ್ಲ. ರಮಾ ಎಂಬ ಹೆಸರು ಮಗನ ಹೆಸರಿಗೆ ಹೊಂದುತ್ತದೆ ಎಂದು ಅವರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಹೇಳಬಹುದಾದ ಕಾರಣವಾಗಿತ್ತು. ಹೇಳಲು ಬಾರದ ಕಾರಣ ಅವರದೂ ಒಂದಿತ್ತು.

ಇದು ನಮ್ಮ ತಪ್ಪು ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ. ಪತ್ರ ಬರೆಯುವ ಮುನ್ನ ಗಂಡಿನ ಮನೆಯ ಹೆಸರುಗಳನ್ನು ಒಂದು ಕಾಗದದ ಮೇಲೆ ಬರೆದು ನೋಡಬೇಕಿತ್ತು. ವಧುವಿನ ಹೆಸರು ಅತ್ತೆಯದೋ ನಾದಿನಿಯದೋ ಆಗಿದ್ದರೆ, ಮಾವನ ಹೆಸರಿನ ಅಕ್ಷರಗಳು ಅದರಲ್ಲಿ ಸೇರಿದ್ದರೆ, ಹೆಸರು ಬದಲಿಸುವುದರ ಹಿಂದೆ ಪದ್ಧತಿಗಿಂತ ಹತ್ತಿರದ ಕಾರಣವೊಂದು ಇರುತ್ತದೆ, ಅದಕ್ಕೆ ಪತ್ರದಲ್ಲಿಯೇ ಜಾಗ ಮಾಡಿಕೊಡಬೇಕಾಗುತ್ತದೆ. ಪತ್ರದ ಕೊನೆಯಲ್ಲಿ "ಅಡಚಣೆಯಾಗುವ ಸಂಗತಿ ಏನಾದರೂ ಇದ್ದರೆ ತಿಳಿಸಬೇಕು" ಎಂದು ಬರೆದಿದ್ದ ಆ ಒಂದು ಸಾಲು ಇಲ್ಲದಿದ್ದರೆ ಅತ್ತೆಯವರು ಬಾಯಿ ಬಿಡುತ್ತಿರಲಿಲ್ಲವೇನೋ. ಆ ಸಾಲನ್ನು ಸೇರಿಸಿದವಳು ಮಾಧವಿ. ಅದು ದುರ್ಬಲವಾಗಿ ಕಾಣುತ್ತದೆ ಎಂದು ನಾನು ತೆಗೆಯಹೇಳಿದ್ದೆ.

ಮಾಧವಿ ಎರಡನೆಯ ಪತ್ರ ಬರೆದಳು, ಆರೇ ಸಾಲು. ತಮಗೆ ಆಗುವ ಸಂಕೋಚ ನನ್ನ ಗಮನಕ್ಕೆ ಬರಬೇಕಿತ್ತು, ಬರಲಿಲ್ಲ, ಕ್ಷಮಿಸಬೇಕು. ಅಕ್ಕಿಯಲ್ಲಿ ನನ್ನ ಹೆಸರನ್ನೇ ಬರೆಯಲು ಅನುಮತಿ ಕೊಟ್ಟರೆ, ಮನೆಯಲ್ಲಿ ತಾವು ನನ್ನನ್ನು ಏನೆಂದು ಕರೆಯಬೇಕೆಂಬುದು ಪೂರ್ತಿ ತಮಗೇ ಬಿಟ್ಟದ್ದು. ನಮ್ಮ ಮನೆಯಲ್ಲೂ ಅಜ್ಜಿ ನನ್ನನ್ನು ಒಂದು ದಿನವೂ ಹೆಸರಿನಿಂದ ಕರೆದಿಲ್ಲ. ಸಾರಾಂಶ ಇಷ್ಟು. ಇಲ್ಲಿ ಅವಳು ಸೋತಳೇ ಎಂದು ನನ್ನ ಮಗಳು ಕೇಳಿದಳು. ನನಗೆ ಹಾಗೆ ಕಾಣುವುದಿಲ್ಲ. ರಮಾ ಎಂಬುದು ಮಾಧವಿ ಎಂಬುದರ ಜಾಗಕ್ಕೆ ಬರುವ ಇನ್ನೊಂದು ಹೆಸರು. ಪ್ರೀತಿಯಿಂದ ಕೂಗುವ ಮಾತು ಹೆಸರಿನ ಜಾಗಕ್ಕೆ ಬರುವುದಿಲ್ಲ, ಪಕ್ಕದಲ್ಲಿ ನಿಲ್ಲುತ್ತದೆ. ಈ ವ್ಯತ್ಯಾಸವನ್ನು ಅತ್ತೆಯವರೂ ಒಪ್ಪಿದರು. ನಾಲ್ಕನೆಯ ದಿನ ಫೋನು ಬಂತು, "ಆಗಲಿ, ಅದ ಹೆಸರ ಬರೆಸೋಣು" ಎಂದರು.

ಲಗ್ನಪತ್ರಿಕೆಯಲ್ಲಿ ಚಿ. ಸೌ. ಕಾಂ. ಮಾಧವಿ ಎಂದೇ ಅಚ್ಚಾಯಿತು, ಅಂಕಪಟ್ಟಿಯಲ್ಲಿದ್ದ ಕಾಗುಣಿತದಂತೆಯೇ. ಮದುವೆ ನೋಂದಣಿಗೆ ಲಗ್ನಪತ್ರಿಕೆಯನ್ನೂ ವಯಸ್ಸಿನ ದಾಖಲೆಯನ್ನೂ ಜೊತೆಗೆ ಕೇಳುವುದರಿಂದ, ಎರಡರಲ್ಲಿಯೂ ಹೆಸರು ಒಂದೇ ಇರುವುದು ಅನುಕೂಲ.

ಎಲ್ಲವೂ ಸುಗಮವಾಗಿ ನಡೆಯಲಿಲ್ಲ. ವರನ ಸೋದರತ್ತೆಗೆ ನಿಶ್ಚಯದ ದಿನದ ಮಾತು ಮಾತ್ರ ಗೊತ್ತಿತ್ತು, ಪತ್ರದ ವಿಷಯವನ್ನು ಯಾರೂ ಹೇಳಿರಲಿಲ್ಲ. ಅವರು ಉಡುಗೊರೆಯ ಹಿತ್ತಾಳೆ ಪಾತ್ರೆಯೊಂದರ ಮೇಲೆ "ಸೌ. ರಮಾ" ಎಂದು ಹೆಸರು ಹಾಕಿಸಿಕೊಂಡೇ ಬಂದಿದ್ದರು. ಉಂಗುರ ಹಿಡಿದು ಕೂತ ವರನು ಅಕ್ಕಿಯಲ್ಲಿ ಮಾಧವಿ ಎಂದು ಬರೆದು, ಹಿರಿಯರೊಬ್ಬರು ಅದನ್ನು ಓದಿ ಹೇಳಿದಾಗ, ಅವರು ಎಲ್ಲರೆದುರಿಗೇ ಇದೇನು, ಹಳೆಯ ಹೆಸರನ್ನೇ ಬರೆದಿರಲ್ಲ, ಮರೆತಿರೇನು ಎಂದು ಕೇಳಿದರು. ಒಂದು ಕ್ಷಣ ಮಾತು ನಿಂತಿತು. ಆಗ ಅತ್ತೆಯವರು ತಲೆ ಎತ್ತದೆ, ಸಕ್ಕರೆಯ ಬಟ್ಟಲನ್ನು ಮುಂದೆ ಸರಿಸುತ್ತ, "ಮರ್ತಿಲ್ಲ, ನಾನ ಹೇಳೇನಿ" ಎಂದರು. ಹೆಸರಿನ ಸುದ್ದಿ ಮನೆಯ ಹಿರಿಯ ಹೆಂಗಸರಿಗೆಲ್ಲ ಮೊದಲೇ ತಲುಪಬೇಕು, ಅದನ್ನು ತಲುಪಿಸಬೇಕಾದವರು ಗಂಡಿನ ಕಡೆಯವರೇ ಎಂಬುದು ನಮಗೆ ಆಗ ತಿಳಿಯಿತು.

ಆಮೇಲೆ ಒಡಪಿನ ಸರದಿ ಬಂತು. ವರನು ಮಾಧವಿಯ ಹೆಸರು ಸೇರಿಸಿ ಹೇಳಿದ, ಮಾಧವಿ ಅವನದನ್ನು ಹೇಳಿದಳು. ನೆರೆದ ಹೆಂಗಸರು ಅತ್ತೆಯವರೂ ಹೇಳಬೇಕೆಂದು ಹಟ ಹಿಡಿದರು. ಬಹಳ ಹೊತ್ತು ಒಲ್ಲೆನೆಂದ ಮೇಲೆ ಅವರು ತಮ್ಮ ಮದುವೆಯಲ್ಲಿ ಹೇಳಿದ್ದ ಹಳೆಯ ಒಡಪನ್ನೇ ಹೇಳಿದರು, ಮಾಧವರಾಯರ ಹೆಸರು ಬಂದಾಗ ಮಾಧವಿಯ ಕಡೆ ನೋಡಿದರು.

ಈಗ ಎರಡು ವರ್ಷಗಳಾಗಿವೆ. ಮಾವನವರು, ನಾದಿನಿ, ಓಣಿಯವರು ಎಲ್ಲರೂ ಮಾಧವಿ ಎನ್ನುತ್ತಾರೆ. ಔಷಧಿ ಅಂಗಡಿಯ ಗೋಡೆಯ ಪ್ರಮಾಣಪತ್ರ ಹಾಗೆಯೇ ಇದೆ. ಅತ್ತೆಯವರು ಅವಳನ್ನು "ತಂಗಿ" ಎಂದು ಕರೆಯುತ್ತಾರೆ, ಬೇರೆಯವರ ಮುಂದೆ "ನಮ್ಮ ಸೊಸಿ" ಎನ್ನುತ್ತಾರೆ. ಹೋದ ದೀಪಾವಳಿಗೆ ನಾನು ಅವರ ಮನೆಗೆ ಹೋಗಿದ್ದಾಗ ಆ ಹಿತ್ತಾಳೆ ಪಾತ್ರೆಯಲ್ಲಿ ನೀರು ಕಾಯುತ್ತಿತ್ತು. ಹೆಸರನ್ನು ಅಳಿಸಿ ಬೇರೆ ಹಾಕಿಸಬಹುದಿತ್ತಲ್ಲ ಎಂದು ಕೇಳಿದೆ. ಸೋದರತ್ತೆ ಬಂದಾಗ ನೋಡಿದರೆ ಅವರಿಗೆ ಬೇಜಾರಾಗುತ್ತದೆ, ಇರಲಿ ಬಿಡು ಮಾವಶಿ, ಎಂದು ಮಾಧವಿ ಅದರಿಂದಲೇ ಚಹಕ್ಕೆ ನೀರು ತೆಗೆದುಕೊಂಡಳು.